ಸ್ವಂತ ಗಾಡಿಯೋ, ಬಾಡಿಗೆ ಗಾಡಿಯೋ: ಒಂದು ಟ್ರಿಪ್ಪಿನ ನಿಜವಾದ ಲೆಕ್ಕ

ತಾಲೂಕು ಕೇಂದ್ರದಲ್ಲಿ ಸಗಟು ವ್ಯಾಪಾರ ಮಾಡುವ ಯಾರಿಗಾದರೂ ಒಂದು ಹಂತದಲ್ಲಿ ಈ ಪ್ರಶ್ನೆ ಎದುರಾಗುತ್ತದೆ. ಮಾಲು ಹಳ್ಳಿ ಅಂಗಡಿಗಳಿಗೆ ಹೋಗಬೇಕು. ಈಗ ಹೋಗುತ್ತಿರುವುದು ಬಾಡಿಗೆ ಪಿಕಪ್‌ನಲ್ಲಿ. ತಿಂಗಳ ಕೊನೆಗೆ ಬಾಡಿಗೆಯ ಮೊತ್ತ ಕೂಡಿಸಿದಾಗ ಎದೆ ಧಸಕ್ಕೆನ್ನುತ್ತದೆ, ‘ಇಷ್ಟು ದುಡ್ಡು ಕೊಡುವ ಬದಲು ನಾವೇ ಒಂದು ಗಾಡಿ ತೆಗೆದುಕೊಳ್ಳಬಹುದಿತ್ತಲ್ಲ’ ಎನಿಸುತ್ತದೆ. ಕೆಲವರಿಗೆ ಗಾಡಿ ಕೊಳ್ಳುವುದೇ ಸರಿಯಾದ ಉತ್ತರ, ಕೆಲವರಿಗೆ ಅದೇ ದೊಡ್ಡ ನಷ್ಟ. ಎರಡನ್ನೂ ಬೇರ್ಪಡಿಸುವುದು ವರ್ಷಕ್ಕೆ ಎಷ್ಟು ಟ್ರಿಪ್ ಎಂಬ ಒಂದೇ ಸಂಖ್ಯೆ. ಆ ಸಂಖ್ಯೆಯನ್ನು ಕಂಡುಕೊಳ್ಳುವ ಬಗೆಯನ್ನು ಒಂದು ಉದಾಹರಣೆ ಹಿಡಿದು ನೋಡೋಣ.

ತಿಪಟೂರಿನಂಥ ಊರಿನಲ್ಲಿ ಬೂಸಾ, ಹಿಂಡಿ, ಪಶು ಆಹಾರದ ಸಗಟು ಅಂಗಡಿ ಇದೆ ಎಂದುಕೊಳ್ಳಿ. 50 ಕೆ.ಜಿ.ಯ ಚೀಲಗಳು. ಪಿಕಪ್‌ಗೆ 30 ಚೀಲ ಹಾಕಿದರೆ ಒಂದೂವರೆ ಟನ್ ಲೋಡು. ಬೆಳಿಗ್ಗೆ ಗೋದಾಮಿನಲ್ಲಿ ತುಂಬಿ ಹೊರಟು, ಐದಾರು ಹಳ್ಳಿಗಳ ಅಂಗಡಿಗಳಲ್ಲಿ ಇಳಿಸಿ ವಾಪಸು ಬರುವಷ್ಟರಲ್ಲಿ 60 ಕಿ.ಮೀ. ಆಗುತ್ತದೆ, ಅರ್ಧ ದಿನ ಹಿಡಿಯುತ್ತದೆ. ಅಂಗಡಿಗಳ ಮುಂದೆ ಕಾಯುವುದೂ ಸೇರಿ ಬಾಡಿಗೆ ಪಿಕಪ್‌ನವರು ಈ ಟ್ರಿಪ್ಪಿಗೆ 2,100 ರೂಪಾಯಿ ತೆಗೆದುಕೊಳ್ಳುತ್ತಾರೆ. ತಿಂಗಳಿಗೆ ಸರಾಸರಿ 25 ಟ್ರಿಪ್, ವರ್ಷಕ್ಕೆ 300. ಇಲ್ಲಿ ಕೊಡುವ ಮೊತ್ತಗಳೆಲ್ಲ ಲೆಕ್ಕದ ದಾರಿ ತೋರಿಸಲು ಹಿಡಿದವು. ನಿಮ್ಮ ಊರಿನ ದರ ಬೇರೆ ಇರುತ್ತದೆ, ಅದನ್ನು ಹಾಕಿಕೊಂಡು ಇದೇ ದಾರಿಯಲ್ಲಿ ನಡೆಯಬಹುದು.

ಮೊದಲು ಸಾಮಾನ್ಯವಾಗಿ ಅಂಗಡಿಯಲ್ಲಿ ನಡೆಯುವ ಲೆಕ್ಕ ನೋಡೋಣ. ಗಾಡಿಯ ಆನ್‌ರೋಡ್ ಬೆಲೆ 10 ಲಕ್ಷ. ಅದರಲ್ಲಿ 8 ಲಕ್ಷ ಸಾಲ, ಶೇ. 10ರ ಬಡ್ಡಿ, ಐದು ವರ್ಷ. ತಿಂಗಳ ಕಂತು ಸುಮಾರು 17,000 ರೂಪಾಯಿ. 25 ಟ್ರಿಪ್ಪಿನ ಡೀಸೆಲ್ 11,250. ಎರಡೂ ಸೇರಿ 28,250. ಈಗ ಕೊಡುತ್ತಿರುವ ಬಾಡಿಗೆಯೋ ತಿಂಗಳಿಗೆ 52,500. ಹಾಗಾದರೆ ತಿಂಗಳಿಗೆ 24,000 ಉಳಿತಾಯ, ಜೊತೆಗೆ ಐದು ವರ್ಷದ ಮೇಲೆ ಗಾಡಿ ನಮ್ಮದೇ. ಷೋರೂಮಿನಲ್ಲಿ ಕೂತಾಗ ಈ ಲೆಕ್ಕ ಬಲು ಚಂದ ಕಾಣುತ್ತದೆ. ಆದರೆ ಇದರಲ್ಲಿ ಡ್ರೈವರ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಟಯರ್ ಇಲ್ಲ. ಇನ್ನೂ ಮುಖ್ಯವಾಗಿ, ಕಂತು ಎಂಬುದು ಖರ್ಚೇ ಅಲ್ಲ. ಅದರಲ್ಲಿ ಒಂದು ಭಾಗ ಮಾತ್ರ ಬಡ್ಡಿ, ಉಳಿದದ್ದು ಅಸಲು ತೀರಿಸುವುದು. ಅಸಲು ಗಾಡಿಯ ರೂಪದಲ್ಲಿ ನಿಮ್ಮ ಹತ್ತಿರವೇ ಇರುತ್ತದೆ, ಆದರೆ ವರ್ಷ ವರ್ಷ ಸವೆಯುತ್ತಾ ಇರುತ್ತದೆ. ಹಾಗಾಗಿ ಕಂತನ್ನು ಬದಿಗಿಟ್ಟು, ಬಡ್ಡಿಯನ್ನೂ ಸವಕಳಿಯನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಹೀಗೆ ಮಾಡದವರಿಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಬರುತ್ತದೆ. ಆರನೇ ವರ್ಷ ಕಂತು ಮುಗಿದ ಕೂಡಲೇ ಗಾಡಿ ಪುಕ್ಕಟೆಯಾಗಿ ಓಡುತ್ತಿದೆ ಎಂದುಕೊಳ್ಳುತ್ತಾರೆ. ಅದು ಆಗಲೂ ಸವೆಯುತ್ತಿರುತ್ತದೆ, ಮುಂದಿನ ಗಾಡಿಯ ದುಡ್ಡು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಎರಡು ವರ್ಷ ಕಳೆದು ಬಂದು ನಿಲ್ಲುತ್ತದೆ.

ಸ್ವಂತ ಗಾಡಿಯ ಖರ್ಚನ್ನು ಎರಡು ರಾಶಿ ಮಾಡಿಕೊಳ್ಳಬೇಕು. ಗಾಡಿ ಗೋದಾಮಿನ ಮುಂದೆ ಸುಮ್ಮನೆ ನಿಂತಿದ್ದರೂ ಆಗುವ ಖರ್ಚು ಒಂದು ರಾಶಿ, ಅದು ನಿಗದಿತ ವೆಚ್ಚ. ಚಕ್ರ ತಿರುಗಿದರೆ ಮಾತ್ರ ಆಗುವ ಖರ್ಚು ಇನ್ನೊಂದು ರಾಶಿ, ಅದು ಓಡಾಟದ ವೆಚ್ಚ.

ನಿಗದಿತ ವೆಚ್ಚದಲ್ಲಿ ಮೊದಲನೆಯದು ಸವಕಳಿ. 10 ಲಕ್ಷದ ಗಾಡಿಯನ್ನು ಏಳು ವರ್ಷ ಇಟ್ಟುಕೊಂಡು 3 ಲಕ್ಷಕ್ಕೆ ಮಾರುತ್ತೀರಿ ಎಂದರೆ, 7 ಲಕ್ಷ ಏಳು ವರ್ಷದಲ್ಲಿ ಕರಗಿದೆ, ವರ್ಷಕ್ಕೆ 1 ಲಕ್ಷ. ಆಡಿಟರ್ ಬರೆಯುವ ಸವಕಳಿ ಇದಲ್ಲ. ಆದಾಯ ತೆರಿಗೆಗಾಗಿ ಸ್ವಂತ ವ್ಯಾಪಾರದ ಗಾಡಿಗೆ ಪ್ರತಿ ವರ್ಷ ಉಳಿದ ಮೌಲ್ಯದ ಮೇಲೆ ಶೇ. 15 ಕಳೆಯುತ್ತಾರೆ, ಗಾಡಿ ಬಾಡಿಗೆಗೆ ಓಡಿಸುವುದೇ ವ್ಯಾಪಾರವಾದರೆ ಶೇ. 30. ಅದು ತೆರಿಗೆಯ ಪುಸ್ತಕಕ್ಕೆ. ಗಾಡಿ ಕೊಳ್ಳಬೇಕೇ ಬೇಡವೇ ಎಂಬ ನಿರ್ಧಾರಕ್ಕೆ ಬೇಕಾದದ್ದು ಕೊಂಡ ಬೆಲೆ, ಮಾರುವ ಬೆಲೆ ಮತ್ತು ನಡುವಿನ ವರ್ಷಗಳು.

ಎರಡನೆಯದು ಬಡ್ಡಿ. ಗಾಡಿಯಲ್ಲಿ ಸಿಕ್ಕಿಕೊಂಡಿರುವ ದುಡ್ಡು ಮೊದಲು 10 ಲಕ್ಷ, ಕೊನೆಗೆ 3 ಲಕ್ಷ, ಸರಾಸರಿ ಆರೂವರೆ ಲಕ್ಷ. ಅದಕ್ಕೆ ಶೇ. 10ರಂತೆ ವರ್ಷಕ್ಕೆ 65,000. ಸಾಲ ಮಾಡದೆ ಕೈಯಿಂದಲೇ ಹಾಕಿದರೂ ಇದನ್ನು ಬರೆಯಲೇಬೇಕು. ಆ ದುಡ್ಡು ಅಂಗಡಿಯ ಸರಕಿನಲ್ಲಿ ತಿರುಗಿದ್ದರೆ ಅಷ್ಟಾದರೂ ದುಡಿಯುತ್ತಿತ್ತು.

ಇನ್ಶೂರೆನ್ಸ್ ಮೂರನೆಯದು. 7,500 ಕೆ.ಜಿ.ಯೊಳಗಿನ, ಬಾಡಿಗೆಗೂ ಓಡಿಸಬಹುದಾದ ಸರಕು ಗಾಡಿಗೆ 2022ರಲ್ಲಿ ಸರ್ಕಾರ ನಿಗದಿ ಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 16,049 ರೂಪಾಯಿ. ಅದರ ಮೇಲೆ ಗಾಡಿಯ ಸ್ವಂತ ಹಾನಿಯ ರಕ್ಷಣೆ, ತೆರಿಗೆ ಎಲ್ಲ ಸೇರಿ ಏಳು ವರ್ಷದ ಸರಾಸರಿ 36,000 ಎಂದು ಹಿಡಿಯೋಣ. ಎಫ್‌ಸಿ, ಹೊಗೆ ತಪಾಸಣೆ, ಅದಕ್ಕೆ ಮುಂಚೆ ಮಾಡಿಸುವ ಪೇಂಟು, ರಿಫ್ಲೆಕ್ಟರ್ ಪಟ್ಟಿ ಇವಕ್ಕೆಲ್ಲ ವರ್ಷಕ್ಕೆ 6,000. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕು.

ಇವೆಲ್ಲಕ್ಕಿಂತ ದೊಡ್ಡದು ಡ್ರೈವರ್ ಸಂಬಳ. ತಿಂಗಳಿಗೆ 16,000, ಹಬ್ಬಕ್ಕೆ ಒಂದು ತಿಂಗಳ ಬೋನಸ್, ಒಟ್ಟು 2,08,000. ಅವರು ರಜೆ ಹಾಕಿದ ದಿನ ಕರೆಸುವ ಆಕ್ಟಿಂಗ್ ಡ್ರೈವರ್‌ಗೆ ವರ್ಷಕ್ಕೆ 5,000. ಎಲ್ಲ ಕೂಡಿಸಿದರೆ ವರ್ಷಕ್ಕೆ 4,20,000, ತಿಂಗಳಿಗೆ 35,000 ರೂಪಾಯಿ. ಒಂದು ಚೀಲವೂ ಗೋದಾಮಿನಿಂದ ಹೊರಗೆ ಹೋಗದಿದ್ದರೂ ಈ ಖರ್ಚು ಉಂಟು. ಇದರಲ್ಲಿ ಅರ್ಧ ಡ್ರೈವರ್‌ಗೆ ಸೇರಿದ್ದು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಓಡಾಟದ ವೆಚ್ಚ ಇಷ್ಟು ಭಾರಿಯಲ್ಲ. ಹೋಗುವಾಗ ಲೋಡು, ಬರುವಾಗ ಖಾಲಿ, ನಡುವೆ ಮಣ್ಣು ರಸ್ತೆ, ಪದೇ ಪದೇ ನಿಲ್ಲಿಸುವುದು, ಇದರಲ್ಲಿ ಪಿಕಪ್ ಲೀಟರಿಗೆ 12 ಕಿ.ಮೀ. ಕೊಟ್ಟರೆ 60 ಕಿ.ಮೀ.ಗೆ 5 ಲೀಟರ್. ಲೀಟರಿಗೆ 90 ರೂಪಾಯಿಯಂತೆ 450. ನಾಲ್ಕು ಟಯರ್‌ಗೆ 26,000 ಕೊಟ್ಟು 40,000 ಕಿ.ಮೀ. ಓಡಿಸಿದರೆ ಕಿ.ಮೀ.ಗೆ 65 ಪೈಸೆ. ಆಯಿಲ್, ಫಿಲ್ಟರ್ ಸರ್ವಿಸ್‌ಗೆ ಸುಮಾರು 80 ಪೈಸೆ. ಕ್ಲಚ್ ಪ್ಲೇಟ್, ಬ್ರೇಕ್, ಪಾಟಾ, ಬ್ಯಾಟರಿ ಇಂಥ ರಿಪೇರಿಗಳನ್ನು ಏಳು ವರ್ಷಕ್ಕೆ ಹಂಚಿ ಕಿ.ಮೀ.ಗೆ 1 ರೂಪಾಯಿ. ಟಯರ್, ಸರ್ವಿಸ್, ರಿಪೇರಿ ಮೂರೂ ಸೇರಿ ಟ್ರಿಪ್ಪಿಗೆ ಸುಮಾರು 150. ಡ್ರೈವರ್ ಬಾಟಾ 100. ಒಟ್ಟು 700 ರೂಪಾಯಿ. ಹಮಾಲಿಯನ್ನು ಇಲ್ಲಿ ಬರೆದಿಲ್ಲ, ಏಕೆಂದರೆ ಗಾಡಿ ಯಾರದ್ದಾದರೂ ಚೀಲ ಹೊರುವ ಕೂಲಿ ಅಷ್ಟೇ. ಎರಡೂ ಕಡೆ ಒಂದೇ ಆಗಿರುವ ಖರ್ಚನ್ನು ಹೋಲಿಕೆಯಿಂದ ಬಿಟ್ಟುಬಿಡಬಹುದು.

ಈಗ ಎರಡು ರಾಶಿಗಳನ್ನು ಸೇರಿಸೋಣ. ನಿಗದಿತ 4,20,000 ರೂಪಾಯಿಯನ್ನು ವರ್ಷದ ಟ್ರಿಪ್ಪುಗಳಿಗೆ ಹಂಚಿ, ಪ್ರತಿ ಟ್ರಿಪ್ಪಿಗೆ ಓಡಾಟದ 700 ಸೇರಿಸಿದರೆ ಒಂದು ಟ್ರಿಪ್ಪಿನ ನಿಜವಾದ ವೆಚ್ಚ ಸಿಗುತ್ತದೆ. ಬಾಡಿಗೆಯಾದರೆ ಎಷ್ಟು ಟ್ರಿಪ್ ಆದರೂ ತಲಾ 2,100.

| ವರ್ಷಕ್ಕೆ ಟ್ರಿಪ್ | ಸ್ವಂತ ಗಾಡಿಯಲ್ಲಿ ಒಂದು ಟ್ರಿಪ್ಪಿಗೆ | ಸ್ವಂತ ಗಾಡಿಯ ವರ್ಷದ ಖರ್ಚು | ಬಾಡಿಗೆಯಾದರೆ ವರ್ಷಕ್ಕೆ |
|---|---|---|---|
| 150 | 3,500 | 5,25,000 | 3,15,000 |
| 200 | 2,800 | 5,60,000 | 4,20,000 |
| 300 | 2,100 | 6,30,000 | 6,30,000 |
| 400 | 1,750 | 7,00,000 | 8,40,000 |
| 600 | 1,400 | 8,40,000 | 12,60,000 |

ನಮ್ಮ ಅಂಗಡಿಗೆ 300 ಟ್ರಿಪ್ ಎಂಬುದು ಸಮಸಮ ಬರುವ ಸಂಖ್ಯೆ. ತಿಂಗಳಿಗೆ 24,000 ಉಳಿಯುತ್ತದೆ ಎಂದು ಮೊದಲ ಲೆಕ್ಕ ಹೇಳಿದ ಅದೇ 300 ಟ್ರಿಪ್ಪಿನಲ್ಲಿ ನಿಜಕ್ಕೂ ಒಂದು ರೂಪಾಯಿಯೂ ಉಳಿಯುವುದಿಲ್ಲ. ಪಟ್ಟಿ ಹಾಕದೆಯೂ ಈ ಸಂಖ್ಯೆ ಕಂಡುಕೊಳ್ಳಬಹುದು. ಬಾಡಿಗೆ ದರದಿಂದ ಓಡಾಟದ ವೆಚ್ಚ ಕಳೆಯಿರಿ: 2,100ರಲ್ಲಿ 700 ಹೋದರೆ 1,400. ಸ್ವಂತ ಗಾಡಿ ಓಡಿಸಿದ ಪ್ರತಿ ಟ್ರಿಪ್ಪೂ ಇಷ್ಟನ್ನು ಉಳಿಸಿಕೊಡುತ್ತದೆ. 4,20,000ದ ನಿಗದಿತ ಖರ್ಚನ್ನು ತೀರಿಸಲು ಇಂಥ ಎಷ್ಟು 1,400 ಬೇಕು ಎಂದು ಭಾಗಿಸಿ: 300.

ಪಟ್ಟಿಯ ಕೊನೆಯ ಸಾಲನ್ನು ಸ್ವಲ್ಪ ಎಚ್ಚರದಿಂದ ಓದಬೇಕು. 600 ಟ್ರಿಪ್ ಎಂದರೆ ವರ್ಷಕ್ಕೆ 36,000 ಕಿ.ಮೀ., ಏಳು ವರ್ಷಕ್ಕೆ ಎರಡೂವರೆ ಲಕ್ಷ. ಅಷ್ಟು ಓಡಿದ ಪಿಕಪ್‌ಗೆ 3 ಲಕ್ಷ ಬೆಲೆ ಬರುವುದಿಲ್ಲ, ಇಂಜಿನ್ ಕೆಲಸವೂ ಒಮ್ಮೆ ಬರಬಹುದು. ಸವಕಳಿಯಲ್ಲಿ ಒಂದು ಪಾಲು ವರ್ಷಗಳಿಂದ ಆಗುವುದು, ಇನ್ನೊಂದು ಪಾಲು ಕಿಲೋಮೀಟರುಗಳಿಂದ ಆಗುವುದು. ಹೀಗಾಗಿ 600ರಲ್ಲಿ ನಿಜವಾದ ವೆಚ್ಚ 1,400ಕ್ಕಿಂತ ಸ್ವಲ್ಪ ಮೇಲಿರುತ್ತದೆ. ಆದರೂ ಅಲ್ಲಿ ಸ್ವಂತ ಗಾಡಿ ಬಹಳ ಮುಂದಿರುವುದರಿಂದ ತೀರ್ಮಾನ ಬದಲಾಗುವುದಿಲ್ಲ.

ಸಮಸಮ ಬರುವ ಸಂಖ್ಯೆಯನ್ನು ಯಾವುದು ಎಷ್ಟು ಅಲುಗಿಸುತ್ತದೆ ಎಂದು ತಿಳಿದರೆ ಎಲ್ಲಿ ತಲೆಕೆಡಿಸಿಕೊಳ್ಳಬೇಕು ಎಂಬುದು ಗೊತ್ತಾಗುತ್ತದೆ. ಡೀಸೆಲ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಲೀಟರಿಗೆ 10 ರೂಪಾಯಿ ಏರಿದರೆ ನಮ್ಮ ಟ್ರಿಪ್ಪಿಗೆ 50 ರೂಪಾಯಿ ಹೆಚ್ಚುತ್ತದೆ, ಆದರೆ ಬಾಡಿಗೆಯವರೂ ಅಷ್ಟನ್ನು ಏರಿಸುತ್ತಾರೆ, ಹೋಲಿಕೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬಾಡಿಗೆ ದರ ಹಾಗಲ್ಲ. ಊರಿನ ಸ್ಟ್ಯಾಂಡಿನಲ್ಲಿ ಗಾಡಿಗಳು ಹೆಚ್ಚಾಗಿ 1,800ಕ್ಕೆ ಬರತೊಡಗಿದರೆ ಸಮಸಮದ ಸಂಖ್ಯೆ 300ರಿಂದ 382ಕ್ಕೆ ಹಾರುತ್ತದೆ. ದರ 2,400 ಆದರೆ 247ಕ್ಕೆ ಇಳಿಯುತ್ತದೆ. ಆದ್ದರಿಂದ ಬಾಡಿಗೆ ದರವನ್ನು ನೆನಪಿನಿಂದ ಹೇಳಬೇಡಿ. ಕಳೆದ ಹನ್ನೆರಡು ತಿಂಗಳಲ್ಲಿ ನಿಜವಾಗಿ ಕೊಟ್ಟದ್ದನ್ನೆಲ್ಲ ಕೂಡಿಸಿ ಟ್ರಿಪ್ಪುಗಳಿಂದ ಭಾಗಿಸಿ. ಕಾಯಿಸಿದ್ದಕ್ಕೆ ಕೊಟ್ಟದ್ದು, ದಾರಿ ತಿರುಗಿಸಿದ್ದಕ್ಕೆ ಕೊಟ್ಟದ್ದು ಎಲ್ಲವೂ ಅದರಲ್ಲಿ ಬರಬೇಕು. ಬೇಕಾದ ದಿನ ಬಾಡಿಗೆ ಗಾಡಿ ಸಿಗದೆ ಅಂಗಡಿಯವರು ಬೇರೆಯವರ ಹತ್ತಿರ ಮಾಲು ತೆಗೆದುಕೊಂಡಿದ್ದರೆ, ಕೈತಪ್ಪಿದ ಲಾಭವನ್ನೂ ಬಾಡಿಗೆಯ ಬದಿಗೇ ಬರೆಯಿರಿ. ಚೀಲಕ್ಕೆ 40 ರೂಪಾಯಿ ಉಳಿಯುವ ವ್ಯಾಪಾರದಲ್ಲಿ 30 ಚೀಲದ ಒಂದು ಲೋಡು ತಪ್ಪಿದರೆ ಹೋಗುವುದು 1,200. ಬಾಡಿಗೆ ಗಾಡಿಯನ್ನು ನಂಬುವ ಹಾಗಿಲ್ಲ ಎಂಬ ದೂರಿಗೆ ಹೀಗೆ ಒಂದು ಮೊತ್ತ ಕೊಟ್ಟು ನೋಡಿದರೆ, ಕೆಲವರಿಗೆ ಅದು ತೀರ ಸಣ್ಣದೆಂದು ತಿಳಿಯುತ್ತದೆ, ಕೆಲವರಿಗೆ ಗಾಡಿ ಕೊಳ್ಳಲು ಅದೊಂದೇ ಕಾರಣ ಸಾಕಾಗುತ್ತದೆ.

ಹೊಸದರ ಬದಲು ಹಳೆಯ ಗಾಡಿ ತೆಗೆದುಕೊಂಡರೆ ಹೇಗೆ ಎಂದು ಹಲವರು ಕೇಳುತ್ತಾರೆ. 4 ಲಕ್ಷಕ್ಕೆ ಕೊಂಡು, ನಾಲ್ಕು ವರ್ಷ ಓಡಿಸಿ, 2 ಲಕ್ಷಕ್ಕೆ ಮಾರುವ ಲೆಕ್ಕ ಹಾಕೋಣ. ಸವಕಳಿ ವರ್ಷಕ್ಕೆ 50,000ಕ್ಕೆ, ಬಡ್ಡಿ 30,000ಕ್ಕೆ ಇಳಿಯುತ್ತದೆ. ಇನ್ಶೂರೆನ್ಸ್ ಸ್ವಲ್ಪ ಕಡಿಮೆ, ಎಫ್‌ಸಿ ಸ್ವಲ್ಪ ಹೆಚ್ಚು. ನಿಗದಿತ ವೆಚ್ಚ ಸುಮಾರು 3,30,000. ಆದರೆ ಮೈಲೇಜ್ ಕಡಿಮೆ, ರಿಪೇರಿ ಹೆಚ್ಚು, ಟ್ರಿಪ್ಪಿನ ಓಡಾಟ 850 ಆಗುತ್ತದೆ. ಸಮಸಮದ ಸಂಖ್ಯೆ 264. ಗಾಡಿಯ ಬೆಲೆ ಅರ್ಧಕ್ಕಿಂತ ಕೆಳಗೆ ಬಂದರೂ ಗೆದ್ದದ್ದು ಬರೀ 36 ಟ್ರಿಪ್. ಕಾರಣ ಸರಳ: ಹಳೆಯ ಗಾಡಿಗೂ ಡ್ರೈವರ್ ಸಂಬಳ ಅಷ್ಟೇ. ಅದರ ಮೇಲೆ ಗಾಡಿ ಗ್ಯಾರೇಜಿನಲ್ಲಿ ನಿಂತ ದಿನ ಡ್ರೈವರ್ ಸಂಬಳವನ್ನೂ ಕೊಟ್ಟು ಬಾಡಿಗೆಯನ್ನೂ ಕೊಡಬೇಕು.

ಹಾಗಾಗಿ ಸಂಖ್ಯೆಯನ್ನು ಗಟ್ಟಿಯಾಗಿ ಕೆಳಗೆ ತರಬೇಕೆಂದರೆ ನೋಡಬೇಕಾದದ್ದು ಡ್ರೈವರ್‌ನ ದಿನವನ್ನು. ನಮ್ಮ ಟ್ರಿಪ್ ಅರ್ಧ ದಿನದ್ದು. ಉಳಿದ ಅರ್ಧ ದಿನ ಅವರು ಗೋದಾಮಿನಲ್ಲಿ ಸ್ಟಾಕ್ ನೋಡುವುದು, ವಸೂಲಿ ಬರೆಯುವುದು ಮಾಡಿ, ಅದರಿಂದ ನೀವು ಇನ್ನೊಬ್ಬ ಕೆಲಸಗಾರನನ್ನು ಇಟ್ಟುಕೊಳ್ಳುವುದು ನಿಜವಾಗಿಯೂ ತಪ್ಪಿದರೆ, ಸಂಬಳದ ಅರ್ಧವನ್ನು ಗೋದಾಮಿನ ಖರ್ಚಿಗೆ ಹಾಕಬಹುದು. ಆಗ ಗಾಡಿಯ ನಿಗದಿತ ವೆಚ್ಚ 3,16,000, ಸಮಸಮ 226 ಟ್ರಿಪ್ಪಿಗೆ ಬರುತ್ತದೆ. ‘ನಿಜವಾಗಿಯೂ ತಪ್ಪಿದರೆ’ ಎಂಬುದು ಮುಖ್ಯ. ಕೂತಿರುವ ಹೊತ್ತಿನಲ್ಲಿ ಎರಡು ಚೀಲ ಎತ್ತಿಟ್ಟ ಮಾತ್ರಕ್ಕೆ ಅರ್ಧ ಸಂಬಳ ಬೇರೆ ಖಾತೆಗೆ ಹೋಗುವುದಿಲ್ಲ.

ಮನೆಯವರೇ ಓಡಿಸುತ್ತೇವೆ ಎನ್ನುವವರ ಲೆಕ್ಕವೂ ಹೀಗೆಯೇ. 7,500 ಕೆ.ಜಿ.ಯೊಳಗಿನ ಸರಕು ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು, ಬೇರೆ ಅನುಮತಿ ಬೇಡ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಸಂಬಳ, ಬಾಟಾ ಎರಡೂ ತೆಗೆದರೆ ಸಮಸಮದ ಸಂಖ್ಯೆ ಕಾಗದದ ಮೇಲೆ 138ಕ್ಕೆ ಇಳಿಯುತ್ತದೆ. ಆದರೆ ಓಡಿಸುವ ಮಗನೋ ತಮ್ಮನೋ ಆ ಅರ್ಧ ದಿನ ಅಂಗಡಿಯಲ್ಲಿದ್ದರೆ ಏನು ದುಡಿಯುತ್ತಿದ್ದ ಎಂಬುದನ್ನು ಬರೆಯದಿದ್ದರೆ ಆ 138 ಸುಳ್ಳು. ಮನೆಯವರ ದುಡಿಮೆಗೆ ಬೆಲೆ ಕಟ್ಟದ ಲೆಕ್ಕದಲ್ಲಿ ಎಲ್ಲ ವ್ಯಾಪಾರವೂ ಲಾಭದ್ದಾಗಿಯೇ ಕಾಣುತ್ತದೆ.

ಇನ್ನು ಟ್ರಿಪ್ ಎಣಿಸುವ ವಿಚಾರ. ಇಲ್ಲಿ ಜನ ತಮ್ಮನ್ನು ತಾವೇ ಮೋಸಗೊಳಿಸಿಕೊಳ್ಳುವುದು ಸುಲಭ. ಸ್ವಂತ ಗಾಡಿ ಬಂದ ಮೇಲೆ ಟ್ರಿಪ್ಪುಗಳು ತಾವಾಗಿಯೇ ಹೆಚ್ಚುತ್ತವೆ. ಬಾಡಿಗೆಯ ಕಾಲದಲ್ಲಿ 30 ಚೀಲದ ಆರ್ಡರ್ ಕೂಡುವವರೆಗೆ ಒಂದು ದಿನ ಕಾಯುತ್ತಿದ್ದವರು, ಈಗ ‘ಗಾಡಿ ಹೇಗೂ ಇದೆಯಲ್ಲ’ ಎಂದು 12 ಚೀಲಕ್ಕೇ ಕಳಿಸುತ್ತಾರೆ. ವರ್ಷದ ಕೊನೆಗೆ 450 ಟ್ರಿಪ್ ಆಗಿರುತ್ತದೆ, ಪಟ್ಟಿಯಲ್ಲಿ ನೋಡಿದರೆ ಟ್ರಿಪ್ಪಿನ ವೆಚ್ಚ ಚೆನ್ನಾಗಿ ಇಳಿದಿರುತ್ತದೆ. ಆದರೆ ಹಳ್ಳಿಗೆ ಹೋದ ಚೀಲ ಮೊದಲಿನಷ್ಟೇ. ಬಾಡಿಗೆಯಲ್ಲಿ 300 ಟ್ರಿಪ್ಪಿಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ 150 ಟ್ರಿಪ್ಪಿನ ಡೀಸೆಲ್, ಟಯರ್, ಬಾಟಾ ಹೆಚ್ಚಾಗಿ ಹೋಗಿದೆ, ಅಂದರೆ 1,05,000 ರೂಪಾಯಿ. ಇದನ್ನು ಹಿಡಿಯಲು ಟ್ರಿಪ್ಪಿನ ವೆಚ್ಚದ ಜೊತೆಗೆ ಚೀಲದ ವೆಚ್ಚವನ್ನೂ ಬರೆಯಬೇಕು. 2,100 ರೂಪಾಯಿಯ ಟ್ರಿಪ್ಪಿನಲ್ಲಿ 30 ಚೀಲ ಹೋದರೆ ಚೀಲಕ್ಕೆ 70. 12 ಚೀಲ ಹೋದರೆ 175, ಅಲ್ಲಿ ಲಾಭವೇ ಉಳಿದಿರುವುದಿಲ್ಲ. ಕೊಳ್ಳುವ ಮುಂಚೆ ಲೆಕ್ಕಕ್ಕೆ ಹಿಡಿಯಬೇಕಾದ ಸಂಖ್ಯೆ, ಸ್ವಂತ ಗಾಡಿ ಎಷ್ಟು ಓಡಾಡಬಹುದು ಎಂಬುದಲ್ಲ, ಅದು ಎಷ್ಟು ಬಾಡಿಗೆ ಟ್ರಿಪ್ಪುಗಳನ್ನು ತಪ್ಪಿಸುತ್ತದೆ ಎಂಬುದು.

ಹಾಗೆಂದು ಗಾಡಿ ಕೊಂಡ ಮೇಲೂ ಪ್ರತಿ ಟ್ರಿಪ್ಪಿಗೆ 2,100 ಎಂದು ಲೆಕ್ಕ ಹಾಕುತ್ತಾ ಕೂರಬಾರದು. ಕೊಳ್ಳುವ ತನಕ ಪೂರ್ತಿ ವೆಚ್ಚ ನೋಡಬೇಕು, ಕೊಂಡ ಮೇಲೆ ನಿಗದಿತ ಖರ್ಚು ಹೇಗೂ ಆಗುತ್ತದೆ. ನಾಳೆಯ ಟ್ರಿಪ್ಪಿಗೆ ಹೊಸದಾಗಿ ತಗಲುವುದು 700 ಮಾತ್ರ. ಆ ಟ್ರಿಪ್ಪಿನಿಂದ ಬರುವ ಲಾಭ 700ಕ್ಕಿಂತ ಹೆಚ್ಚಿದ್ದರೆ ಕಳಿಸಬಹುದು. ನಾಲ್ಕು ಚೀಲವನ್ನು ಲಗೇಜ್ ಆಟೋದವರು 300ಕ್ಕೆ ತಲುಪಿಸುತ್ತಾರೆಂದರೆ, ನಿಮ್ಮ ಗಾಡಿ ಸುಮ್ಮನೆ ನಿಂತಿದ್ದರೂ ಆಟೋದಲ್ಲಿ ಕಳಿಸುವುದೇ ಅಗ್ಗ.

ಪಶು ಆಹಾರದ ವ್ಯಾಪಾರಕ್ಕೆ ಇನ್ನೊಂದು ಗುಣವಿದೆ, ಅದು ವರ್ಷವಿಡೀ ಸಮನಾಗಿ ನಡೆಯುವುದಿಲ್ಲ. ಹಸಿರು ಮೇವು ಒಣಗುವ ಫೆಬ್ರವರಿಯಿಂದ ಮೇವರೆಗೆ ಬೂಸಾ, ಹಿಂಡಿಗೆ ಬೇಡಿಕೆ ಏರುತ್ತದೆ. ಮುಂಗಾರು ಹಿಡಿದು ಬದುಗಳ ಮೇಲೆ ಹುಲ್ಲು ಬಂದ ಮೇಲೆ ಇಳಿಯುತ್ತದೆ. ನಮ್ಮ ಅಂಗಡಿಯ 300 ಟ್ರಿಪ್ಪಿನಲ್ಲಿ ಈ ನಾಲ್ಕು ತಿಂಗಳಿಗೆ ತಲಾ 45ರಂತೆ 180, ಉಳಿದ ಎಂಟು ತಿಂಗಳಿಗೆ ತಲಾ 15ರಂತೆ 120 ಎಂದುಕೊಳ್ಳಿ. ಸ್ವಂತ ಗಾಡಿ ಇದ್ದರೆ ಆ ಎಂಟು ತಿಂಗಳಲ್ಲಿ ತಿಂಗಳಿಗೆ 35,000 ನಿಗದಿತ ಖರ್ಚು ಬರೀ 15 ಟ್ರಿಪ್ಪುಗಳ ತಲೆಯ ಮೇಲೆ ಕೂರುತ್ತದೆ, ಒಂದೊಂದಕ್ಕೂ 3,000 ದಾಟುತ್ತದೆ.

ಇಲ್ಲಿ ಮೂರನೆಯ ದಾರಿಯೊಂದಿದೆ, ಅದನ್ನು ಸಾಕಷ್ಟು ಜನ ನೋಡುವುದೇ ಇಲ್ಲ: ತಿಂಗಳ ಬಾಡಿಗೆ. ಸೀಸನ್ನಿನ ನಾಲ್ಕು ತಿಂಗಳಿಗೆ ಒಂದು ಪಿಕಪ್‌ನ್ನು ಅದನ್ನು ತಾನೇ ಓಡಿಸುವ ಮಾಲೀಕರ ಸಮೇತ ತಿಂಗಳಿಗೆ 50,000ದಂತೆ ಗೊತ್ತುಮಾಡಿ, ಡೀಸೆಲ್ ನೀವು ಹಾಕಿಸಿ. ನಾಲ್ಕು ತಿಂಗಳ ಬಾಡಿಗೆ 2,00,000, ಡೀಸೆಲ್ 81,000. ಟ್ರಿಪ್ಪಿಗೆ 1,561 ಬಿತ್ತು. ಉಳಿದ 120 ಟ್ರಿಪ್ಪನ್ನು ಎಂದಿನಂತೆ 2,100ಕ್ಕೆ ಬಾಡಿಗೆ ಮಾಡಿದರೆ 2,52,000. ವರ್ಷಕ್ಕೆ ಒಟ್ಟು 5,33,000. ಸ್ವಂತ ಗಾಡಿಯೂ ಟ್ರಿಪ್ ಬಾಡಿಗೆಯೂ 6,30,000ಕ್ಕೆ ಸಮಸಮ ನಿಂತಿದ್ದಲ್ಲಿ ಇದು 97,000 ಉಳಿಸುತ್ತದೆ. ಯಾರಿಗೂ ನಷ್ಟವಾಗದೆ ಈ ಉಳಿತಾಯ ಬರುವುದು ಹೇಗೆಂದರೆ, ನಿಮ್ಮ ವ್ಯಾಪಾರ ಮಲಗಿರುವ ಎಂಟು ತಿಂಗಳಲ್ಲಿ ಆ ಗಾಡಿಯವರಿಗೆ ಕೊಬ್ಬರಿ, ತೆಂಗಿನಕಾಯಿ, ರಾಗಿ, ಮನೆ ಸಾಮಾನು ಎಂದು ಬೇರೆ ಲೋಡು ಸಿಗುತ್ತದೆ. ನಿಮ್ಮ ಸ್ವಂತ ಗಾಡಿಗೆ ಆ ಹಾದಿ ಅಷ್ಟು ಸಲೀಸಲ್ಲ. ಕರಾರಿನಲ್ಲಿ ತಿಂಗಳಿಗೆ ಎಷ್ಟು ಕಿ.ಮೀ., ಗಾಡಿ ಕೆಟ್ಟರೆ ಬದಲಿ ಗಾಡಿ ಯಾರು ಕೊಡಬೇಕು, ಭಾನುವಾರದ ಮಾತೇನು ಎಂಬ ಮೂರನ್ನು ಕಾಗದದಲ್ಲಿ ಬರೆದುಕೊಂಡರೆ ಜಗಳಕ್ಕೆ ಎಡೆಯಿರುವುದಿಲ್ಲ.

‘ಖಾಲಿ ದಿನಗಳಲ್ಲಿ ನಮ್ಮ ಗಾಡಿಯನ್ನೂ ಬಾಡಿಗೆಗೆ ಬಿಟ್ಟರಾಯಿತು’ ಎನ್ನುವವರು ಮೊದಲು ಇನ್ಶೂರೆನ್ಸ್ ಕಾಗದ ತೆಗೆದು ಓದಬೇಕು. ಸ್ವಂತ ಸರಕಿಗೆ ಮಾತ್ರ ಎಂದು ಮಾಡಿಸಿದ ಪಾಲಿಸಿಯ ಪ್ರೀಮಿಯಂ ಬಾಡಿಗೆ ಗಾಡಿಯದಕ್ಕಿಂತ ಕಡಿಮೆ, 2022ರ ದರದಲ್ಲಿ ಥರ್ಡ್ ಪಾರ್ಟಿಗೆ 8,510 ರೂಪಾಯಿ. ಆ ಪಾಲಿಸಿ ಇಟ್ಟುಕೊಂಡು ಬೇರೆಯವರ ಲೋಡು ಹಾಕಿದ ದಿನ ಅಪಘಾತವಾದರೆ ಕಂಪನಿಯವರು ಷರತ್ತು ಮೀರಿದ್ದನ್ನೇ ಹಿಡಿಯುತ್ತಾರೆ, ಪರಿಹಾರದ ಹೊರೆ ನಿಮ್ಮ ಮೇಲೆ ಬೀಳಬಹುದು. ಗಾಡಿಯ ಒಟ್ಟು ತೂಕ, ಅಂದರೆ ಗಾಡಿಯೂ ಲೋಡೂ ಸೇರಿ ಆರ್‌ಸಿಯಲ್ಲಿ ಬರೆದಿರುವ ತೂಕ, 3,000 ಕೆ.ಜಿ. ದಾಟಿದರೆ ಪರ್ಮಿಟ್ ಬೇಕು, ಅದರೊಳಗಿದ್ದರೆ ಬೇಡ. ‘ಇನ್ನು ಹತ್ತು ಚೀಲ ಹಾಕಿಬಿಡಿ, ಟ್ರಿಪ್ ಉಳಿಯುತ್ತದೆ’ ಎಂಬ ಆಸೆಗೆ ಕಾನೂನಿನಲ್ಲಿ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಒಂದು ಸಲ ಸಿಕ್ಕಿಬಿದ್ದರೆ ಹದಿನಾಲ್ಕು ಟ್ರಿಪ್ಪಿನ ಉಳಿತಾಯ ಹೋಯಿತು.

ಜಿಎಸ್‌ಟಿಯ ಒಂದು ಮಾತು. ಸರಕು ಗಾಡಿಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಸಿಮೆಂಟ್, ಟೈಲ್ಸ್, ಹಾರ್ಡ್‌ವೇರ್‌ನಂಥ ತೆರಿಗೆಯಿರುವ ಮಾಲು ಮಾರುವ, ಸಾಮಾನ್ಯ ವಿಧಾನದಲ್ಲಿ ಜಿಎಸ್‌ಟಿ ಕಟ್ಟುವ ವ್ಯಾಪಾರಿ ಗಾಡಿಗೆ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅವರಿಗೆ ಸಮಸಮದ ಸಂಖ್ಯೆ ಸ್ವಲ್ಪ ಕೆಳಗೆ ಬರುತ್ತದೆ. ಪಶು ಆಹಾರಕ್ಕೆ ಜಿಎಸ್‌ಟಿಯೇ ಇಲ್ಲದಿರುವುದರಿಂದ ಅದನ್ನಷ್ಟೇ ಮಾರುವವರಿಗೆ ಈ ಅನುಕೂಲ ಸಿಗುವುದಿಲ್ಲ. ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಗಾಡಿ ಕೊಂಡು ಗೆದ್ದರೆಂದು ಬೂಸಾ ಅಂಗಡಿಯವರೂ ಗೆಲ್ಲುತ್ತಾರೆ ಎನ್ನುವಂತಿಲ್ಲ.

ಕೊಂಡವರಿಗೆ ಒಂದು ಪುಸ್ತಕ ಬೇಕು. ಪ್ರತಿ ಟ್ರಿಪ್ಪಿಗೆ ತಾರೀಖು, ಹೊರಡುವಾಗಿನ ಮತ್ತು ಬಂದಾಗಿನ ಕಿ.ಮೀ., ಎಷ್ಟು ಚೀಲ, ಡೀಸೆಲ್ ಹಾಕಿಸಿದ್ದರೆ ಎಷ್ಟು ಲೀಟರ್, ಇಷ್ಟು ಬರೆದರೆ ಸಾಕು. ಮೈಲೇಜನ್ನು ಟ್ಯಾಂಕ್ ಫುಲ್ ಮಾಡಿಸಿದ ದಿನದಿಂದ ಮತ್ತೆ ಫುಲ್ ಮಾಡಿಸಿದ ದಿನದವರೆಗೆ ಲೆಕ್ಕ ಹಾಕಬೇಕು, 500 ರೂಪಾಯಿ, 1,000 ರೂಪಾಯಿಯಂತೆ ಹಾಕಿಸಿದ ಡೀಸೆಲ್‌ನಿಂದ ನಿಜವಾದ ಮೈಲೇಜ್ ತಿಳಿಯುವುದಿಲ್ಲ. 12 ಇದ್ದದ್ದು 10ಕ್ಕೆ ಇಳಿದರೆ ಟ್ರಿಪ್ಪಿಗೆ 1 ಲೀಟರ್ ಹೆಚ್ಚು, 300 ಟ್ರಿಪ್ಪಿಗೆ 27,000 ರೂಪಾಯಿ. ಮೊದಲು ಟಯರ್ ಗಾಳಿ, ಏರ್ ಫಿಲ್ಟರ್ ನೋಡಿ. ಟ್ರಿಪ್ ಮುಗಿಸಿ ಬಂದ ಕೂಡಲೇ ಚಕ್ರದ ಹತ್ತಿರ ಕೈ ಒಡ್ಡಿ, ಒಂದು ಚಕ್ರ ಮಾತ್ರ ವಿಪರೀತ ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಇವೆಲ್ಲ ಸರಿ ಇದ್ದೂ ಮೈಲೇಜ್ ಏರದಿದ್ದರೆ, ಡೀಸೆಲ್ ಇಂಜಿನ್‌ಗೆ ಹೋಗುತ್ತಿದೆಯೋ ಬೇರೆಲ್ಲಾದರೂ ಹೋಗುತ್ತಿದೆಯೋ ಎಂದು ವಿಚಾರಿಸಬೇಕಾಗುತ್ತದೆ.

ಈ ಅಂಗಡಿಯ ಮೊತ್ತಗಳನ್ನೇ ಹಿಡಿದರೆ ನನ್ನ ತೀರ್ಪು ಹೀಗಿದೆ. ವರ್ಷಕ್ಕೆ 250ರ ಒಳಗೆ ಟ್ರಿಪ್ ಇದ್ದು, ಡ್ರೈವರ್‌ಗೆ ಬೇರೆ ಕೆಲಸವಿಲ್ಲದಿದ್ದರೆ ಗಾಡಿ ಕೊಳ್ಳಬೇಡಿ. 400 ದಾಟಿದ್ದು, ಅದು ಎಲ್ಲ ತಿಂಗಳಿಗೂ ಹರಡಿಕೊಂಡಿದ್ದರೆ ಬಾಡಿಗೆ ಕೊಡುತ್ತಾ ಕೂರುವುದು ನಷ್ಟ. ನಡುವಿನಲ್ಲಿರುವವರು ಮೊದಲ ಸೀಸನ್ನಿಗೆ ತಿಂಗಳ ಬಾಡಿಗೆ ಮಾಡಿ, ಪುಸ್ತಕ ಬರೆದು, ಮುಂದಿನ ವರ್ಷ ತೀರ್ಮಾನಿಸಬಹುದು. ಅದಕ್ಕೂ ಮುಂಚೆ ಕಳೆದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗೆ ಕೊಟ್ಟ ಬಾಡಿಗೆಯ ಚೀಟಿಗಳನ್ನು ತೆಗೆದು ಟ್ರಿಪ್ ಎಣಿಸಿ. ಷೋರೂಮಿಗೆ ಹೋಗುವುದು ಅದಾದ ಮೇಲೆ.